ಕರ್ಣ ಆಡದೆ ಉಳಿಸಿಕೊಂಡ ಮಾತು

ಗೆಳೆಯರೊಬ್ಬರ ಕಿರುಚಿತ್ರಕ್ಕಾಗಿ ಕರ್ಣನ ಸ್ವಗತವೊಂದನ್ನು ಬರೆಯುತ್ತಿದ್ದೇನೆ. ಇರುವುದು ಎರಡೇ ನಿಮಿಷ. ಪಂಪ, ಕುಮಾರವ್ಯಾಸ, ಯಕ್ಷಗಾನದ ಕರ್ಣಪರ್ವ ಇವೆಲ್ಲ ನಮ್ಮನ್ನು ಆಗಲೇ ಅವನ ಕಡೆಯವರನ್ನಾಗಿ ಮಾಡಿವೆ. ಹಾಗಾಗಿ ಅನ್ನದ ಋಣ ಒಂದು ಕಡೆ, ರಕ್ತಸಂಬಂಧ ಇನ್ನೊಂದು ಕಡೆ ಎಂದು ಅವನಿಂದ ಹೇಳಿಸಿದರೆ ನೋಡುಗರ ಕಣ್ಣು ತುಂಬುತ್ತದೆ. ಆದರೆ ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅವನ ಸಂಕಟ ಇರುವುದು ಬೇರೆ ಜಾಗದಲ್ಲಿ.

ಸಂಧಾನ ಮುರಿದ ಮೇಲೆ ಕೃಷ್ಣ ಅವನನ್ನು ತನ್ನ ರಥದಲ್ಲಿ ಕೂರಿಸಿಕೊಂಡು ಹೋಗಿ ಜನ್ಮರಹಸ್ಯ ಹೇಳುತ್ತಾನೆ. ಕರ್ಣ ಒಪ್ಪುವುದಿಲ್ಲ. ಹೆತ್ತವಳು ತೊರೆದಳು, ರಾಧೆ ಎದೆಹಾಲು ಕೊಟ್ಟಳು. ತನ್ನ ಹೆಂಡಿರು ಮಕ್ಕಳೆಲ್ಲ ಸೂತರ ನಡುವೆಯೇ ಇದ್ದಾರೆ. ದುರ್ಯೋಧನ ಯುದ್ಧಕ್ಕೆ ನಿಂತಿರುವುದೇ ತನ್ನನ್ನು ನಂಬಿ. ಇಲ್ಲಿಯವರೆಗೆ ಇದು ನಿಷ್ಠೆಯ ಮಾತು. ಆಮೇಲೆ ಅವನು ಒಂದು ಕೋರಿಕೆ ಇಡುತ್ತಾನೆ. ಈ ಗುಟ್ಟು ಧರ್ಮರಾಯನಿಗೆ ತಿಳಿಯಬಾರದು. ತಿಳಿದರೆ ಅವನು ರಾಜ್ಯವನ್ನು ಒಲ್ಲೆ ಎನ್ನುತ್ತಾನೆ; ಅದು ತನ್ನ ಕೈಗೆ ಬಂದರೆ ತಾನು ದುರ್ಯೋಧನನಿಗೇ ಕೊಟ್ಟುಬಿಡುತ್ತೇನೆ. ಆದರೆ ರಾಜನಾಗಿ ಇರಬೇಕಾದವನು ಧರ್ಮರಾಯನೇ.

ಗೆಳೆತನವೊಂದೇ ದೊಡ್ಡದಾಗಿದ್ದರೆ ಕರ್ಣ ಆ ಗುಟ್ಟನ್ನು ಸಾರಿಬಿಡಬೇಕಿತ್ತು. ಬಾಣ ಬಿಡದೆಯೇ ದುರ್ಯೋಧನ ಗೆಲ್ಲುತ್ತಿದ್ದ. ಧರ್ಮವೊಂದೇ ದೊಡ್ಡದಾಗಿದ್ದರೆ ಪಕ್ಷ ಬಿಡಬೇಕಿತ್ತು. ಅವನು ಎರಡನ್ನೂ ಮಾಡಲಿಲ್ಲ. ತನ್ನ ದೇಹವನ್ನು ಗೆಳೆಯನಿಗೆ ಕೊಟ್ಟ, ಗೆಲುವನ್ನು ಎದುರಾಳಿಗೆ ಬಿಟ್ಟ. ನಿಷ್ಠೆ ಕರ್ತವ್ಯಗಳ ನಡುವೆ ಒಂದನ್ನು ಆರಿಸಿಕೊಂಡವನೆಂದು ನಾವು ತಿಳಿದ ಕರ್ಣ, ಎರಡಕ್ಕೂ ಅರ್ಧರ್ಧ ಸಲ್ಲಿಸಿದವನು.

ಕೃಷ್ಣನನ್ನು ಅಪ್ಪಿಕೊಂಡು, ಅವನ ರಥದಿಂದಿಳಿದು, ಕರ್ಣ ತನ್ನ ರಥದಲ್ಲಿ ಮರಳುತ್ತಾನೆ. ನನ್ನ ಸ್ವಗತ ಆ ದಾರಿಯಲ್ಲಿ ನಡೆಯುತ್ತದೆ:

‘ಗೆಳೆಯಾ, ನೀನು ಕೇಳಿದ್ದು ನನ್ನ ಬಿಲ್ಲನ್ನು. ಕೊಟ್ಟಿದ್ದೇನೆ. ನೀನು ಕೇಳದೇ ಇದ್ದದ್ದು ಒಂದು ಮಾತು. ಅದನ್ನಾಡಿದ್ದರೆ ನಾಳೆಯೇ ನೆಲವೆಲ್ಲ ನಿನ್ನದಾಗುತ್ತಿತ್ತು. ಆಡಲಿಲ್ಲ. ನಿನಗಾಗಿ ಸಾಯುತ್ತೇನೆ, ನೀನು ಗೆಲ್ಲಲಿ ಎಂದು ಹಾರೈಸಲಾರೆ. ಇದೋ, ಕುದುರೆ ಹೊಡೆಯುತ್ತಿರುವ ಈ ಹುಡುಗ. ನನ್ನ ಹಾಗೆ ಸೂತರ ಮನೆಯವನು. ಗೆಲ್ಲುತ್ತೇವೆ ಅಲ್ಲವೇ ಒಡೆಯಾ ಎಂದು ಕೇಳುತ್ತಿದ್ದಾನೆ. ಇವನಿಗೆ ಏನು ಹೇಳಲಿ?’

ಆ ಹುಡುಗ ಮೂಲದಲ್ಲಿಲ್ಲ, ನಾನು ಸೇರಿಸಿದ್ದು. ಅವನಿಲ್ಲದಿದ್ದರೆ ಕರ್ಣನ ನೋವು ಅವನೊಬ್ಬನದೇ ಆಗಿ, ಚೆಂದವಾಗಿ ಕಾಣುತ್ತದೆ. ಕೌರವರ ಕಡೆ ನಿಂತದ್ದು 11 ಅಕ್ಷೌಹಿಣಿ ಸೈನ್ಯ. 16ನೆಯ ದಿನ ಅದರಲ್ಲಿ ಉಳಿದವರಿಗೆ ಕರ್ಣನೇ ಸೇನಾಪತಿ. ಗೆಲ್ಲಬೇಕಾದವರು ಆಚೆಯವರು ಎಂದು ಕೃಷ್ಣನಿಗೆ ಹೇಳಿದ್ದವನ ಮಾತಿಗೆ ಅವರು ಪ್ರಾಣ ಕೊಟ್ಟರು. ತಾನು ನಂಬದ ಪಕ್ಷಕ್ಕಾಗಿ ಸಾಯುವ ಹಕ್ಕು ಒಬ್ಬನಿಗೆ ಇರಬಹುದು. ಆ ಪಕ್ಷಕ್ಕಾಗಿ ಇತರರನ್ನು ಮುನ್ನಡೆಸುವ ಹಕ್ಕು ಅವನಿಗೆ ಎಲ್ಲಿಂದ ಬರುತ್ತದೆ?

ಚಿತ್ರದಲ್ಲಿ ಕರ್ಣ ಹುಡುಗನಿಗೆ ಉತ್ತರ ಕೊಡುವುದಿಲ್ಲ. ‘ಬೇಗ ನಡೆ’ ಎನ್ನುತ್ತಾನೆ, ಅಷ್ಟೆ.