ನಾಣ್ಯ, ಚಿನ್ನದ ಕಲಶ, ಮಂದ ಬೆಳಕು

ಕೋಲ್ಕತ್ತದ ಬಾರಾನಗರದಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ‘ಸಂಖ್ಯಾ’ ಎಂಬ ಪತ್ರಿಕೆ ಹೊರಡಿಸುತ್ತದೆ. ಸೂತ್ರ, ಕೋಷ್ಟಕಗಳೇ ತುಂಬಿರುವ ಪತ್ರಿಕೆ. ಅದರ 1957ರ ಸಂಪುಟದಲ್ಲಿ ಮಾತ್ರ ಜೈನರ ಸ್ಯಾದ್ವಾದಕ್ಕೆ ಸಂಬಂಧಿಸಿದ ಎರಡು ಲೇಖನಗಳಿವೆ. ಒಂದು ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸರದು. 1954ರಲ್ಲಿ ಸ್ವಿಟ್ಜರ್ಲೆಂಡಿನ ‘ಡಯಲೆಕ್ಟಿಕಾ’ದಲ್ಲಿ ಮೊದಲು ಅಚ್ಚಾದದ್ದು. ಇನ್ನೊಂದು ಇಂಗ್ಲೆಂಡ್ ಬಿಟ್ಟು 1957ರಲ್ಲೇ ಕೋಲ್ಕತ್ತಕ್ಕೆ ಬಂದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರದು. ಇಬ್ಬರೂ ಜೈನರಲ್ಲ. ಬಸದಿಯ ದಾರಿಯಿಂದಲ್ಲ, ಲೆಕ್ಕದ ದಾರಿಯಿಂದ ಅವರು ಸಪ್ತಭಂಗಿಯ ಬಳಿ ಬಂದರು.

ಮಹಲನೋಬಿಸರು ಹಿಡಿದದ್ದು ನಾಣ್ಯ ಚಿಮ್ಮುವ ಉದಾಹರಣೆ. ಈಗ ತಲೆ ಬಿದ್ದಿದೆ. ಮತ್ತೊಮ್ಮೆ ಚಿಮ್ಮಿದಾಗ ತಲೆಯಲ್ಲ. ಎರಡನ್ನೂ ಕಂಡವನು ‘ತಲೆ ಬೀಳುವುದೂ ಉಂಟು, ಬೀಳದಿರುವುದೂ ಉಂಟು’ ಎನ್ನುತ್ತಾನೆ. ಇನ್ನೂ ಚಿಮ್ಮದ ನಾಣ್ಯದ ಬಗ್ಗೆ ಕೇಳಿದರೆ? ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ. ಅಸ್ತಿ, ನಾಸ್ತಿ, ಅಸ್ತಿ-ನಾಸ್ತಿಗಳಾದ ಮೇಲೆ ಬರುವ ನಾಲ್ಕನೆಯ ಭಂಗ ‘ಅವಕ್ತವ್ಯ’ದಲ್ಲಿ ಮಹಲನೋಬಿಸರು ಕಂಡದ್ದು ಇದನ್ನು. ಇಂದಿನ ಸಂಭಾವ್ಯತೆಯ ತಾತ್ತ್ವಿಕ ತಳಹದಿ ಅಲ್ಲಿದೆ ಎಂಬುದು ಅವರ ವಾದ.

ಹೊಳಹು ಚೆನ್ನಾಗಿದೆ. ಆದರೆ ಜೈನ ಆಚಾರ್ಯರನ್ನು ಓದಿದವರಿಗೆ ಇಲ್ಲಿ ಒಂದು ಕಡೆ ಹಿಡಿಯುತ್ತದೆ. ನಮ್ಮ ಹಳೆಯ ಜೈನಕವಿಗಳು ಕಾವ್ಯದ ಮೊದಲಲ್ಲೇ ನೆನೆಯುವ ಸಮಂತಭದ್ರರ ‘ಆಪ್ತಮೀಮಾಂಸೆ’ಯನ್ನು ನೋಡೋಣ. ವಸ್ತು ನಿತ್ಯವೇ ಎಂಬ ಒಂದು ಪಕ್ಷ, ಎಲ್ಲವೂ ಕ್ಷಣಿಕವೇ ಎಂಬ ಇನ್ನೊಂದು ಪಕ್ಷ. ಎರಡನ್ನೂ ಅವರು ಏಕಾಂತವಾದ ಎನ್ನುತ್ತಾರೆ, ಒಂದೊಂದಾಗಿ ಎದುರಿಸುತ್ತಾರೆ. ಅಲ್ಲಿ ಬರುವ ಒಂದು ದೃಷ್ಟಾಂತ ಹೀಗಿದೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರು. ಕಲಶ ಬೇಕಿದ್ದವನಿಗೆ ದುಃಖವಾಯಿತು, ಕಿರೀಟ ಬೇಕಿದ್ದವನಿಗೆ ಸಂತೋಷವಾಯಿತು, ಬರೀ ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರದೂ ಭ್ರಮೆಯಲ್ಲ. ಕಲಶ ನಾಶವಾದದ್ದು ನಿಜ, ಕಿರೀಟ ಹುಟ್ಟಿದ್ದು ನಿಜ, ಚಿನ್ನ ಉಳಿದದ್ದೂ ನಿಜ. ಮೂವರ ಮನಸ್ಸಿಗೆ ಬೇರೆಬೇರೆಯಾಗಿ ತೋರಿತು ಎಂದಷ್ಟೇ ಸಮಂತಭದ್ರರು ಹೇಳುತ್ತಿಲ್ಲ. ವಸ್ತುವೇ ಹಾಗಿದೆ ಎನ್ನುತ್ತಿದ್ದಾರೆ. ಅನೇಕಾಂತ ವಸ್ತುವಿನ ಸ್ವಭಾವ, ಸ್ಯಾದ್ವಾದ ಅದನ್ನು ಮಾತಿಗೆ ತರುವ ಕ್ರಮ. ಇವೆರಡನ್ನೂ ಸಭೆಗಳಲ್ಲಿ ‘ಅವರವರ ಅಭಿಪ್ರಾಯ ಅವರವರಿಗೆ’ ಎಂದು ಸಾರಿಸಿಬಿಡುವುದು ವಾಡಿಕೆಯಾಗಿದೆ. ಹಾಗೆನ್ನಲು ತರ್ಕಶಾಸ್ತ್ರವೇನೂ ಬೇಕಿರಲಿಲ್ಲ.

ಹೇಳುವ ಕ್ರಮ ಎಷ್ಟು ಬಿಗಿ ಎಂದರೆ, ‘ಸ್ಯಾತ್’ ಹಾಕಿದ ವಾಕ್ಯದಲ್ಲೇ ‘ಏವ’ವನ್ನೂ ಸೇರಿಸುತ್ತಾರೆ. ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಕಲಶ ಇದ್ದೇ ಇದೆ. ಪರವಸ್ತುವಿನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಇಲ್ಲವೇ ಇಲ್ಲ. ಚಿನ್ನದ್ದಾಗಿ ಇದೆ, ಮಣ್ಣಿನದಾಗಿ ಇಲ್ಲ. ಇಲ್ಲಿ ‘ಇದ್ದರೂ ಇರಬಹುದು’ ಎಂಬ ಅನುಮಾನಕ್ಕೆ ಎಡೆಯಿಲ್ಲ. ಷರತ್ತು ಹಾಕಿದ ಮೇಲೆ ಮಾತು ಖಚಿತ. ಎರಡನ್ನೂ ಒಂದಾದ ಮೇಲೊಂದರಂತೆ ಹೇಳಿದರೆ ಮೂರನೆಯ ಭಂಗ. ಎರಡಕ್ಕೂ ಸಮಾನ ಪ್ರಾಧಾನ್ಯ ಕೊಟ್ಟು ಒಂದೇ ಉಸಿರಿಗೆ ಹೇಳಹೊರಟರೆ ಮಾತು ಸೋಲುತ್ತದೆ, ಅದು ಅವಕ್ತವ್ಯ. ಅಂದರೆ ಇಲ್ಲಿ ಕೊರತೆ ಇರುವುದು ಭಾಷೆಯಲ್ಲಿ. ನಾಳೆ ಬೀಳುವ ನಾಣ್ಯದ ವಿಷಯದಲ್ಲಾದರೋ ಕೊರತೆ ನಮ್ಮ ತಿಳಿವಿನಲ್ಲಿ. ನನಗೆ ಕಾಣುವಂತೆ ಮಹಲನೋಬಿಸರ ಹೋಲಿಕೆ ಜಾರುವುದು ಈ ಜಾಗದಲ್ಲಿ. ಅಲ್ಲದೆ ಸಂಭಾವ್ಯತೆಗೆ ‘ಎಷ್ಟು ಪಾಲು’ ಎಂಬ ಅಂಕಿ ಬೇಕು. ಏಳು ಭಂಗಗಳಲ್ಲಿ ಅಂಕಿಯ ಸುಳಿವೇ ಇಲ್ಲ.

ಹಾಲ್ಡೇನರು ಹಿಡಿದದ್ದು ಪ್ರಯೋಗಶಾಲೆಯ ದಾರಿ. ಕಣ್ಣಿಗೆ ಎಷ್ಟು ಕಡಿಮೆ ಬೆಳಕು ಕಾಣುತ್ತದೆ ಎಂದು ಅಳೆಯಬೇಕು. ಕತ್ತಲೆ ಕೋಣೆಯಲ್ಲಿ ಒಬ್ಬನನ್ನು ಕೂರಿಸಿ, ಬೇರೆಬೇರೆ ತೀವ್ರತೆಯ ಬೆಳಕನ್ನು ಮತ್ತೆಮತ್ತೆ ತೋರಿಸಿ, ಕಂಡಿತೇ ಎಂದು ಕೇಳುತ್ತಾರೆ. ಪ್ರಖರ ಬೆಳಕಾದರೆ ಪ್ರತಿಸಲವೂ ‘ಹೌದು’. ತೀರ ಮಂದವಾದರೆ ಪ್ರತಿಸಲವೂ ‘ಇಲ್ಲ’. ನಡುವಿನ ಹೊಸ್ತಿಲಲ್ಲಿ ಅದೇ ಬೆಳಕಿಗೆ ಒಮ್ಮೆ ‘ಹೌದು’, ಇನ್ನೊಮ್ಮೆ ‘ಇಲ್ಲ’. ‘ಹೇಳಲಾರೆ’ ಎಂಬ ಉತ್ತರಕ್ಕೂ ಅವಕಾಶ ಕೊಟ್ಟೆವೆನ್ನಿ. ಆಗ ಒಂದು ನಿರ್ದಿಷ್ಟ ಬೆಳಕಿಗೆ ಸಿಕ್ಕ ಉತ್ತರಗಳನ್ನೆಲ್ಲ ಒಟ್ಟು ಮಾಡಿದರೆ ಏಳೇ ಬಗೆ ಸಾಧ್ಯ: ಮೂರರಲ್ಲಿ ಯಾವುದಾದರೂ ಒಂದೇ, ಅಥವಾ ಯಾವುದಾದರೂ ಎರಡು, ಅಥವಾ ಮೂರೂ. ಮೂರು, ಮೂರು, ಒಂದು. ಎಂಟನೆಯದೆಂದರೆ ಪ್ರಶ್ನೆಯನ್ನೇ ಕೇಳದಿರುವುದು. ಭಂಗಗಳು ಏಳೇ ಏಕೆ ಎನ್ನುವವರಿಗೆ ಇಷ್ಟು ಸರಳವಾದ ಉತ್ತರ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಇಲ್ಲೂ ಅವಕ್ತವ್ಯ ಶಾಸ್ತ್ರದ ಅವಕ್ತವ್ಯವಲ್ಲ, ನೋಡುವವನ ಅನಿಶ್ಚಯ.

ಹಾಗಾದರೆ ಮಹಲನೋಬಿಸರಲ್ಲಿ ಅನೇಕಾಂತಕ್ಕೆ ಹತ್ತಿರವಾದದ್ದು ಏನೂ ಇಲ್ಲವೇ? ಇದೆ, ಆದರೆ ಆ ಲೇಖನಕ್ಕಿಂತ ಅವರ ಹೊಲದ ಕೆಲಸದಲ್ಲಿ ಹೆಚ್ಚಾಗಿದೆ ಎಂದು ನನ್ನ ಅನಿಸಿಕೆ. ಈ ನಂಟನ್ನು ಹಾಕುತ್ತಿರುವವನು ನಾನು. 1930ರ ದಶಕದ ಕೊನೆಯಿಂದ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆ ನಡೆಸುವಾಗ ಅವರೊಂದು ವಿಧಾನ ತಂದರು. ಒಂದೇ ಪ್ರದೇಶದಲ್ಲಿ ಒಂದರೊಳಗೊಂದು ಹೆಣೆದ ಎರಡು ಮಾದರಿಗಳನ್ನು ಆರಿಸಿ, ಒಂದನ್ನು ಒಂದು ತಂಡಕ್ಕೆ, ಇನ್ನೊಂದನ್ನು ಬೇರೆ ತಂಡಕ್ಕೆ ಕೊಡುವುದು. ಎರಡು ಅಂದಾಜು ಬರುತ್ತವೆ, ಹೊಂದುವುದಿಲ್ಲ. ಇಂಥ ಕಡೆ ಕಚೇರಿಯವರು ಸಾಮಾನ್ಯವಾಗಿ ಮೇಲಧಿಕಾರಿ ಒಪ್ಪುವ ಅಂಕಿಯನ್ನು ಇಟ್ಟುಕೊಂಡು ಇನ್ನೊಂದನ್ನು ಕೈಬಿಡುತ್ತಾರೆ. ಮಹಲನೋಬಿಸರು ಎರಡನ್ನೂ ಉಳಿಸಿದರು. ಅವುಗಳ ನಡುವಿನ ಅಂತರವೇ ಒಟ್ಟು ಲೆಕ್ಕವನ್ನು ಎಷ್ಟು ನಂಬಬಹುದೆಂಬುದರ ಅಳತೆಯಾಯಿತು.

ಅಂತರ ತೀರ ದೊಡ್ಡದಾದರೆ ಯಾರೋ ಹೊಲಕ್ಕೆ ಹೋಗದೆ ಮನೆಯಲ್ಲೇ ಕುಳಿತು ಫಾರಂ ತುಂಬಿರಬಹುದೆಂಬ ಶಂಕೆಗೂ ದಾರಿಯಾಗುತ್ತದೆ. ಅಂಥ ಫಾರಮ್ಮು ಇನ್ನೊಂದು ದೃಷ್ಟಿಕೋನವಲ್ಲ, ಸುಳ್ಳು. ಜೈನ ತರ್ಕವೂ ಇಲ್ಲಿ ಗೆರೆ ಎಳೆಯುತ್ತದೆ. ವಸ್ತುವಿನ ಒಂದು ಮುಖವನ್ನು ಹಿಡಿದು, ಉಳಿದವನ್ನು ಅಲ್ಲಗಳೆಯದೆ ಆಡಿದ ಮಾತು ನಯ. ಇದೊಂದೇ ಸತ್ಯವೆಂದು ಹಟ ಹಿಡಿದದ್ದು ದುರ್ನಯ. ಮುಖವನ್ನೇ ನೋಡದೆ ಆಡಿದ ಮಾತು ಎರಡರಲ್ಲೂ ಸೇರದು.

ಈ ವಿಧಾನಕ್ಕೂ ಕಾಣದ್ದು ಒಂದಿದೆ. ಗದ್ದೆಯಲ್ಲಿ ಇಳುವರಿ ಅಳೆಯಲು ಸಣ್ಣ ತುಂಡು ಗುರುತಿಸಿ ಕಟಾವು ಮಾಡುತ್ತಾರೆ. ಅಂಚಿನ ಪೈರು ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕುಡುಗೋಲು ಅದನ್ನು ಒಳಕ್ಕೇ ಸೇರಿಸಿಕೊಳ್ಳುತ್ತದೆ. ತುಂಡು ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು, ಹಾಗಾಗಿ ಇಳುವರಿ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. 1940ರ ದಶಕದಲ್ಲಿ ಭಾರತದ ಸಂಖ್ಯಾಶಾಸ್ತ್ರಜ್ಞರ ನಡುವೆ ಇದರ ಮೇಲೆ ಬಿರುಸಾದ ವಾದವೇ ನಡೆಯಿತು. ಎರಡೂ ತಂಡಗಳು ಅದೇ ಸಣ್ಣ ಅಳತೆಯ ಚೌಕಟ್ಟು ಹಿಡಿದು ಹೊರಟಿದ್ದರೆ ಅವರ ಅಂಕಿಗಳು ಹೊಂದಿಕೊಳ್ಳುತ್ತವೆ, ಅಂತರ ಸೊನ್ನೆಗೆ ಹತ್ತಿರವಾಗುತ್ತದೆ, ಲೆಕ್ಕ ಮಾತ್ರ ತಪ್ಪಾಗಿಯೇ ಇರುತ್ತದೆ. ಬೇರೆ ಅಳತೆಯ ಚೌಕಟ್ಟು ಹಿಡಿದ ಮೂರನೆಯವನು ಅದೇ ಗದ್ದೆಗೆ ಇಳಿದು ತಕರಾರು ತೆಗೆಯುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ.