ಹನಿಗೆ ಮನೆ ಯಾವುದು?

ಬೆಳಗಾದರೆ ಐದನೇ ತರಗತಿಯ ಮೊಮ್ಮಗಳಿಗೆ ವಿಜ್ಞಾನದ ಟೆಸ್ಟು. ಜಲಚಕ್ರದ ಹಂತಗಳ ಹೆಸರು ಬಾಯಿಗೆ ಬಂದಿದ್ದರೂ ಯಾವುದರ ಹಿಂದೆ ಯಾವುದು ಎಂಬುದು ತಪ್ಪುತ್ತಿತ್ತು. ಸಿರುಗುಪ್ಪದಿಂದ ಬಳ್ಳಾರಿಗೆ ಬಂದಿದ್ದ ತಾತ ಜೀವನವಿಡೀ ಭತ್ತ ಬೆಳೆದವರು. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಶುರುಮಾಡಿದರು. ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ಬಟ್ಟೆ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದಳು.

“ಅರಬ್ಬೀ ಸಮುದ್ರದಾಗೆ ಒಂದು ಹನಿ ಇತ್ತಂತೆ. ಬಿಸಿಲಿಗೆ ಕಾದು, ಉಪ್ಪನ್ನ ಅಲ್ಲೇ ಬಿಟ್ಟು, ಆವಿಯಾಗಿ ಮೇಲಕ್ಕೆ ಹೋಯ್ತು. ಮುಂಗಾರು ಗಾಳಿ ಅದನ್ನ ಪಶ್ಚಿಮ ಘಟ್ಟಕ್ಕೆ ತಂತು. ಮೇಲೇರಿದಂಗೆಲ್ಲ ತಣ್ಣಗಾಗಿ, ಒಂದು ಧೂಳಿನ ಕಣ ಹಿಡ್ಕೊಂಡು ತಿರುಗಿ ನೀರಾಯ್ತು, ಮೋಡ ಸೇರ್ತು. ಸಣ್ಣ ಹನಿಗಳೆಲ್ಲ ಕೂಡಿ ದಪ್ಪಾಗಿ ಗಂಗಾಮೂಲದಾಗೆ ಮಳೆ ಸುರೀತು. ಅಲ್ಲಿಂದ ತುಂಗಾ, ಭದ್ರಾ ಇಳಿದು ಕೂಡ್ಲಿಯಾಗೆ ಕೂಡಿದ್ವು. ಹನಿ ಹೊಸಪೇಟೆ ಡ್ಯಾಮಿಗೆ ಬಂತು, ಕಾಲುವೆ ಹಿಡಿದು ನಮ್ಮ ಗದ್ದೆಗೆ ಬಂತು. ಗದ್ದೆಯಿಂದ ಹಳ್ಳ, ಹಳ್ಳದಿಂದ ಹೊಳೆ, ಕಡೀಗೆ ಸಮುದ್ರ. ತನ್ನ ಮನೀಗೆ ವಾಪಸ್ ಹೋಯ್ತು.”

“ಯಾವ ಸಮುದ್ರಕ್ಕಪ್ಪಾ?” ಎಂದಳು ಮಗಳು.

ತಾತ ತಡವರಿಸಿದರು. ತುಂಗಭದ್ರೆ ಹೋಗಿ ಸೇರುವುದು ಕೃಷ್ಣೆಯನ್ನು. ಕೃಷ್ಣೆ ಸೇರುವುದು ಬಂಗಾಳ ಕೊಲ್ಲಿಯನ್ನು. ಪಡುವಣ ಕಡಲಲ್ಲಿ ಹೊರಟ ಹನಿ ಮೂಡಣ ಕಡಲಿಗೆ ಇಳಿದಿತ್ತು.

“ಹಂಗಾದ್ರೆ ಅದು ಮನೀಗೆ ಹೋಗ್ಲೇ ಇಲ್ವಾ?” ಮಗು ಎದ್ದು ಕೂತಿತು.

“ಹೊರಟಿದ್ದೇ ಹನಿಯಾಗಿ ಅಲ್ಲ ಪುಟ್ಟಾ,” ಅಮ್ಮ ಹೇಳಿದಳು. “ಆವಿ ಆಗೋದು ಅಂದ್ರೆ ಹನಿ ಚದುರಿಹೋಗೋದು. ಅದರ ಅಣುಗಳು ಒಂದೊಂದೇ ಗಾಳಿ ಸೇರ್ತವೆ, ಕಣ್ಣಿಗೆ ಕಾಣಲ್ಲ. ಅನ್ನದ ಪಾತ್ರೆ ಮೇಲೆ ಬೆಳ್ಳಗೆ ಕಾಣೋದು ಆವಿ ಅಲ್ಲ, ತಿರುಗಿ ನೀರಾದ ಸಣ್ಣ ಹನಿಗಳು. ಮೋಡಾನೂ ಅಷ್ಟೇ. ಅಂಥ ಸುಮಾರು 10 ಲಕ್ಷ ಹನಿಗಳು ಕೂಡಿದ್ರೆ ಒಂದು ಮಳೆಹನಿ. ಅದರಾಗೆ ನಿಮ್ಮ ತಾತನ ಹನಿ ಯಾವುದು ಅಂತ ಹುಡುಕ್ತೀಯ?”

“ಹುಡುಕೋಕೆ ಒಬ್ಬರು ಬೇಕಲ್ಲವ್ವ,” ತಾತ ಬಿಡಲಿಲ್ಲ. “ಯಾರೂ ಇಲ್ಲದ ಕಥೇನ ಮಗು ಯಾರ ಹಿಂದೆ ಹೋಗಿ ಕೇಳಬೇಕು?”

“ಹಿಂದೆ ಹೋಗ್ಲಿ. ಆದ್ರೆ ಹೋದವರೇ ವಾಪಸ್ ಬರ್ತಾರೆ ಅಂತ ನಂಬಿಸಬೇಡ.”

ತಾತ ಸ್ವಲ್ಪ ಹೊತ್ತು ಯೋಚಿಸಿದರು. “ಹೋದದ್ದು ಕಾಣಲ್ಲ ಅಂತೀಯ. ಹೋಗಿದ್ದಕ್ಕೆ ಗುರುತಂತೂ ನಮ್ಮ ಸೀಮೆಯಾಗೆ ಕಾಣ್ತೈತೆ. ಸವಳು ಹತ್ತಿದ ಹೊಲ ನೋಡಿಲ್ವಾ? ಕಾಲುವೆ ನೀರು ಕುಡಿದ್ರೆ ಸಿಹಿ, ನೆಲದ ಮೇಲೆ ಮಾತ್ರ ಬಿಳೀ ಉಪ್ಪು.”

ಮಗಳು ಈ ಸಲ ತಲೆಯಾಡಿಸಿದಳು. ಕಲ್ಲುಮಣ್ಣು ತೊಳೆದು ಬರುವ ಹೊಳೆಯ ನೀರಿನಲ್ಲಿ ನಾಲಿಗೆಗೆ ತಿಳಿಯದಷ್ಟು ಲವಣ ಕರಗಿರುತ್ತದೆ. ಗದ್ದೆಯಿಂದ ನೀರು ಆವಿಯಾದಾಗ ಲವಣ ಜೊತೆಗೆ ಹೋಗುವುದಿಲ್ಲ. ಬಸಿಗಾಲುವೆ ಸರಿಯಿದ್ದರೆ ಹೆಚ್ಚಾದ ನೀರು ಅದನ್ನು ತೊಳೆದೊಯ್ಯುತ್ತದೆ. ಇಲ್ಲದಿದ್ದರೆ ಅಡಿಯ ನೀರು ಮೇಲಕ್ಕೆ ಬಂದು ನೆಲ ಜವಳಾಗುತ್ತದೆ. ಕಪ್ಪುಮಣ್ಣು ಆ ನೀರನ್ನು ಮೇಲ್ಮೈಗೆ ಹೀರಿಕೊಳ್ಳುತ್ತದೆ, ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ. ವರ್ಷ ಕಳೆದಂತೆ ಉಪ್ಪು ಕೂಡುತ್ತ ಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳಿನ ಕಥೆ ಇದೇ.

“ನೋಡಪ್ಪಾ, ಆ ನೀರು ಸಮುದ್ರ ನೋಡದೆಯೇ ಗದ್ದೆಯಿಂದ ಸೀದಾ ಆಕಾಶಕ್ಕೆ ಹೋಯ್ತು,” ಎಂದಳು. “ಭತ್ತದ ಎಲೆಯಿಂದಾನೂ ಹೋಗ್ತದೆ, ಅದು ಬಾಷ್ಪವಿಸರ್ಜನೆ. ಕುರುಗೋಡು ಗುಡ್ಡದ ಮೇಲೆ ಬಿದ್ದಿದ್ದು ಬರೀ ಬಂಡೆ ಮೇಲಿಂದ ಹರಿದು ಕೆಳಗೆ ಬರ್ತದೆ. ಅದರಾಗೆ ಒಂದಿಷ್ಟು ಬಂಡೆಸಂದಿಗೆ ಇಂಗಿ ಬಾವಿ ಸೇರ್ತದೆ. ಗಾಳಿಗೆ ಸೇರಿದ ಆವಿ ಸರಾಸರಿ 9–10 ದಿನದಾಗೆ ಮಳೆಯಾಗಿ ಇಳಿದುಬಿಡ್ತದೆ. ಇಂಗಿದ್ದು ವರ್ಷಗಟ್ಟಲೆ ಅಲ್ಲೇ ಕೂತಿರಬಹುದು.”

“ಅಂದ್ರೆ ಚಕ್ರ ಅನ್ನೋದೇ ಸುಳ್ಳಾ?” ಎಂದರು ತಾತ.

“ಸುಳ್ಳಲ್ಲ. ಭೂಮಿ ಮೇಲಿನ ಒಟ್ಟು ಲೆಕ್ಕಕ್ಕೆ ಚಕ್ರ: ಮೇಲೆ ಹೋದಷ್ಟು ನೀರು ಕೆಳಗೆ ಬರ್ತದೆ. ಒಂದು ಹನಿ ಲೆಕ್ಕಕ್ಕೆ ಚಕ್ರ ಅಲ್ಲ.”

“ಹಂಗಾದ್ರೆ ಮನೆ ಅನ್ನೋ ಮಾತು ತೆಗೀತೀನಿ,” ತಾತ ಒಪ್ಪಿದರು. “ಉಪ್ಪು ಬಿಟ್ಟಿದ್ದು ಮಾತ್ರ ಇರ್ಲಿ.”

“ಅದನ್ನ ತೆಗೀಬೇಡ. ಆವಿಯಾಗೋದು ಅವಳಿಗೆ ಮರೆಯದೆ ಇರೋದು ಅದರಿಂದಾನೇ.”

ಮಗು ಅಷ್ಟರಲ್ಲಿ ನೋಟ್‌ಬುಕ್ ಎಳೆದುಕೊಂಡು ಬರೆದಿತ್ತು: ಆವಿಯಾಗುವಿಕೆ, ಸಾಂದ್ರೀಕರಣ, ಮಳೆ, ಹರಿಯುವಿಕೆ ಮತ್ತು ಇಂಗುವಿಕೆ. ಸಮುದ್ರದಿಂದ ಒಂದು ಬಾಣ ಮೇಲಕ್ಕೆ ಹೋಗಿತ್ತು, ಗದ್ದೆಯಿಂದ ಇನ್ನೊಂದು.

“ಅಮ್ಮಾ, ಟೆಸ್ಟಿನಾಗೆ ನಾಲ್ಕೇ ಬಾಕ್ಸ್ ಕೊಡ್ತಾರೆ. ಎಲೆಯಿಂದ ಹೋಗೋದನ್ನ ಎಲ್ಲಿ ಬರೀಲಿ?”

“ಮೊದಲನೇ ಬಾಕ್ಸಿನ ಪಕ್ಕದಾಗೆ ಬರಿ. ಎರಡೂ ಮೇಲಕ್ಕೆ ಹೋಗೋವೇ.”