ಉತ್ತರ ಬರೆಯುವ ಮೊದಲು

ಸೇಲಂ ಬಳಿಯ ಇಳಂಪಿಳ್ಳೈ ನೇಕಾರರ ಊರು. ಅಲ್ಲಿರುವ ನನ್ನ ಅಣ್ಣನ ಮಗಳಿಗೆ ಬೆಂಗಳೂರಿನ ಒಂದು ಸಂಸ್ಥೆಯಿಂದ ಮೇಲ್ ಬಂದಿತ್ತು: 'ಎರಡು ನಿಮಿಷದ ಪರಿಚಯ ವಿಡಿಯೋವನ್ನು ಶುಕ್ರವಾರದೊಳಗೆ ಕಳಿಸಿ.' ಅವಳು 'ಸರಿ, ಕಳಿಸುತ್ತೇನೆ' ಎಂದು ಬರೆಯಲು ಹೊರಟಿದ್ದಳು.

ಆ ಒಂದು ಸಾಲಿನಲ್ಲಿ ಹೇಳದೆ ಉಳಿದದ್ದು ಬಹಳ. ಶುಕ್ರವಾರದೊಳಗೆ ಎಂದರೆ ಕಚೇರಿ ಮುಚ್ಚುವ ಹೊತ್ತೋ, ನಡುರಾತ್ರಿಯೋ? ಎರಡು ನಿಮಿಷ ಮೀರಬಾರದೋ, ಸುಮಾರು ಎರಡು ನಿಮಿಷ ಇರಬೇಕೋ? ಫೋನನ್ನು ಅಡ್ಡ ಹಿಡಿಯಬೇಕೋ, ನೆಟ್ಟಗೋ? ನಿಲುವು ತಪ್ಪಿದರೆ ಮೊದಲಿನಿಂದ ಮತ್ತೆ ತೆಗೆಯಬೇಕು. ಇನ್ನು ಗಾತ್ರದ ಮಾತು. ಫೋನಿನಲ್ಲಿ ತೆಗೆದ ಸ್ಪಷ್ಟ ವಿಡಿಯೋ ಎರಡು ನಿಮಿಷಕ್ಕೆ ನೂರು ಎಂಬಿ ದಾಟುವುದು ಸಾಮಾನ್ಯ. ಜಿಮೇಲ್ ಲಗತ್ತಿನ ಮಿತಿ 25 ಎಂಬಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿಯೇ ಕಳಿಸಿದರೆ ಅದು ಕುಗ್ಗಿ ಮುಖ ಮಸುಕಾಗುತ್ತದೆ.

"ಚಿಕ್ಕಪ್ಪಾ, ಇಷ್ಟೆಲ್ಲಾ ಕೇಳಿದರೆ ಏನೂ ತಿಳಿಯದವಳು ಅಂದ್ಕೊಳ್ತಾರೆ" ಎಂದಳು. ಪ್ರಶ್ನೆಗಳ ಸಾಲನ್ನೇ ಕಳಿಸಿದರೆ ಹಾಗನ್ನಿಸಬಹುದು. ಆದರೆ ನಾವು ಅರ್ಥ ಮಾಡಿಕೊಂಡದ್ದನ್ನೇ ಬರೆದು ಕಳಿಸಿದರೆ, ತಪ್ಪಿದ್ದಲ್ಲಿ ಅವರೇ ತಿದ್ದುತ್ತಾರೆ. ಅವಳು ಅದೇ ದಿನ ಇಂಗ್ಲಿಷಿನಲ್ಲಿ ಬರೆದ ಉತ್ತರದ ಸಾರ ಇಷ್ಟು:

'ನಮಸ್ಕಾರ. ನಿಮ್ಮ ಮೇಲ್ ತಲುಪಿತು. ಎರಡು ನಿಮಿಷ ಮೀರದಂತೆ, ಫೋನನ್ನು ಅಡ್ಡ ಹಿಡಿದು ತೆಗೆದ ಎಂಪಿ4 ವಿಡಿಯೋವನ್ನು ಶುಕ್ರವಾರ ಸಂಜೆ 5 ಗಂಟೆಯೊಳಗೆ ಡ್ರೈವ್ ಲಿಂಕ್ ಮೂಲಕ ಕಳಿಸುತ್ತೇನೆ. ಬೇರೆ ಸೂಚನೆ ಬಾರದಿದ್ದರೆ ಕನ್ನಡದಲ್ಲಿ ಮಾತಾಡುತ್ತೇನೆ.'

ಕೊನೆಯ ವಾಕ್ಯ ನನಗೆ ತುಂಬ ಇಷ್ಟವಾಯಿತು. ಅವರು ಉತ್ತರಿಸದಿದ್ದರೂ ಇವಳ ಕೆಲಸ ನಿಲ್ಲುವುದಿಲ್ಲ. ಜೊತೆಗೆ, ನಮ್ಮ ದೇವಾಂಗ ಮನೆಗಳಲ್ಲಿ ಕನ್ನಡ ಮಾತಿನಲ್ಲಿದೆ, ಕೈಬರಹದಲ್ಲಿಲ್ಲ. ಮಕ್ಕಳು ಓದುವುದೆಲ್ಲ ತಮಿಳು, ಇಂಗ್ಲಿಷ್. ಕಾಗದದ ಮೇಲೆ ಕಾಣದ ಅವಳ ಕನ್ನಡ ಈ ವಿಡಿಯೋದಲ್ಲಿ ಕೇಳಿಸುತ್ತದೆ. ಹಾಗಾಗಿ ಭಾಷೆಯ ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಿತ್ತು.

ಮರುದಿನ ಉತ್ತರ ಬಂತು. ಕನ್ನಡವೇ ಇರಲಿ, ಕೊನೆಗೆ ಎರಡು ಮಾತು ಇಂಗ್ಲಿಷಿನಲ್ಲೂ ಇರಲಿ ಎಂದಿದ್ದರು. ಗಡುವು ಶುಕ್ರವಾರ ಮಧ್ಯಾಹ್ನ 1 ಗಂಟೆ ಎಂದು ತಿದ್ದಿದ್ದರು. ಕೇಳದೆ ಇದ್ದಿದ್ದರೆ ನಾಲ್ಕು ಗಂಟೆ ತಡವಾಗುತ್ತಿತ್ತು.

ಪವರ್‌ಲೂಮ್ ಓಡುವ ಬೀದಿಯಲ್ಲಿ ಹಗಲಿನ ಧ್ವನಿಮುದ್ರಣ ಕೆಲಸಕ್ಕೆ ಬಾರದು. ಮಗ್ಗದ ಟಕಟಕ ಗೋಡೆ ದಾಟಿ ಮೈಕಿಗೆ ಬರುತ್ತದೆ. ಗುರುವಾರ ಬೆಳಗ್ಗೆ ಮಗ್ಗಗಳು ಶುರುವಾಗುವ ಮುಂಚೆ, ಕಿಟಕಿಗೆ ಎದುರಾಗಿ ಕೂತು ಮಾತಾಡಿದಳು. ಲಿಂಕ್ ಇದ್ದ ಯಾರಿಗಾದರೂ ವಿಡಿಯೋ ಕಾಣುವಂತೆ ಅನುಮತಿ ಕೊಟ್ಟು, ಅವಳ ಖಾತೆ ಇಲ್ಲದ ಅಮ್ಮನ ಫೋನಿನಲ್ಲಿ ಅದನ್ನು ತೆರೆದು ನೋಡಿದ ಮೇಲೆ, ಮೊದಲು ಬಂದ ಮೇಲ್‌ಗೇ ಉತ್ತರವಾಗಿ ಕಳಿಸಿದಳು.